ಐದನೇ ತಿಂಗಳ ಸ್ಕ್ಯಾನ್ ‘ನಾರ್ಮಲ್’ ಎಂದರೆ ಏನೆಲ್ಲ ನೋಡಿದ್ದಾರೆ ಎಂದರ್ಥ?

ಮಲೆನಾಡ ಮಳೆ

ನನಗೆ ಈಗ 20 ವಾರ 4 ದಿನ. ಮೊನ್ನೆ ಶಿವಮೊಗ್ಗಕ್ಕೆ ಹೋಗಿ ಅನಾಮಲಿ ಸ್ಕ್ಯಾನ್ ಮಾಡಿಸಿಕೊಂಡು ಬಂದೆವು. ನಮ್ಮ ಡಾಕ್ಟರು ಚೀಟಿಯಲ್ಲಿ ಟಿಫಾ ಎಂದು ಬರೆದಿದ್ದರು, ಎರಡೂ ಒಂದೇ ಎಂದು ಕೌಂಟರಿನಲ್ಲಿ ಹೇಳಿದರು. ಮೂರು ಪುಟದ ವರದಿ ಕೊಟ್ಟಿದ್ದಾರೆ. ಕೊನೆಯಲ್ಲಿ ‘ಗಮನಾರ್ಹ ದೋಷ ಕಂಡುಬಂದಿಲ್ಲ’ ಎಂದಿದೆ. ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ, ಎಲ್ಲ ನ್ಯೂನತೆಗಳನ್ನೂ ಈ ಪರೀಕ್ಷೆಯಲ್ಲಿ ಪತ್ತೆ ಮಾಡಲು ಆಗುವುದಿಲ್ಲ ಎಂದೂ ಇದೆ.

ಮನೆಯವರೆಲ್ಲ ಮೇಲಿನ ಸಾಲು ಓದಿ ಸಿಹಿ ಹಂಚಿದರು. ನನಗೆ ಕೆಳಗಿನ ಸಾಲಿನಿಂದ ಕಣ್ಣು ಕೀಳಲು ಆಗುತ್ತಿಲ್ಲ. ಕಾರಣ ನನ್ನ ಅಕ್ಕ. ಎರಡು ವರ್ಷದ ಹಿಂದೆ ಅವಳ ವರದಿಯೂ ನಾರ್ಮಲ್ ಎಂದೇ ಇತ್ತು. ಹೆರಿಗೆಯಾಗಿ ಆರನೇ ದಿನ ಮಗು ಹಾಲು ಕುಡಿಯುವುದನ್ನು ಬಿಟ್ಟಿತು. ಎರಡು ಗುಟುಕು ಕುಡಿದರೆ ಹಣೆಯಲ್ಲಿ ಬೆವರು, ಉಸಿರಾಟ ಜೋರು. ಅಮ್ಮ ಕಾಲುಚೀಲ ಹಾಕಲು ಹೋದಾಗ ಎರಡೂ ಪಾದ ಮಂಜಿನಂತೆ ತಣ್ಣಗಿದ್ದವು. ಎಕೋ ಮಾಡಿದಾಗ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಂದು ಕಡೆ ಕಿರಿದಾಗಿದೆ, ಕೋಆರ್ಕ್ಟೇಶನ್ ಎಂದರು. ಆಪರೇಶನ್ ಆಗಿ ಈಗ ಅವನು ಮನೆಯ ತುಂಬ ಓಡಾಡುತ್ತಾನೆ, ಅದು ಬೇರೆ ಮಾತು.

ನನ್ನ ಪ್ರಶ್ನೆ ಎರಡು. ಆ ಅರ್ಧ ಗಂಟೆಯಲ್ಲಿ ನಿಜವಾಗಿ ಏನನ್ನು ನೋಡುತ್ತಾರೆ? ಅಕ್ಕನ ಸ್ಕ್ಯಾನಿನಲ್ಲಿ ಅದು ತಪ್ಪಿಹೋದದ್ದು ಮಾಡಿದವರ ಅಜಾಗರೂಕತೆಯೇ?

ತುಮಕೂರು ತಂದೆ

ಮೇಡಂ, ಇದೆಲ್ಲ ಮಷೀನಿನ ಮೇಲೆ ಹೋಗುತ್ತದೆ. ಹಳೆಯ ಮಷೀನಿನಲ್ಲಿ ಮಾಡಿದರೆ ಕಾಣುವುದಿಲ್ಲ. ನಾವು 4ಡಿ ಮಾಡಿಸಿದೆವು. ಮಗುವಿನ ಮೂಗು, ತುಟಿ, ಆಕಳಿಸುವುದು ಎಲ್ಲ ಫೋಟೊದಲ್ಲಿ ಇರುವಂತೆ ಕಂಡಿತು. ಸಾವಿರ ರೂಪಾಯಿ ಹೆಚ್ಚು ಹೋದರೂ ಚಿಂತೆಯಿಲ್ಲ, 4ಡಿ ಇರುವ ಕಡೆ ಇನ್ನೊಮ್ಮೆ ಮಾಡಿಸಿ. ಎಲ್ಲ ಗೊತ್ತಾಗುತ್ತದೆ.

ಗೋಧಿಹುಗ್ಗಿ

ನನಗೂ ಇದೇ ಭಯ ಇತ್ತು. ಆದರೆ ಕತ್ತಿನ ಹಿಂದಿನ ನೀರು ಅಳೆದು, ರಕ್ತ ತೆಗೆದುಕೊಂಡು, ಎರಡನ್ನೂ ಸೇರಿಸಿ ಡೌನ್ ಸಿಂಡ್ರೋಮ್ ಇಲ್ಲ ಎಂದು ಹೇಳಿದರು. ನಿಮಗೂ ಡಬಲ್ ಮಾರ್ಕರ್ ಮಾಡಿರಬೇಕಲ್ಲ? ಅದು ಸರಿ ಇದ್ದರೆ ನಿಶ್ಚಿಂತೆಯಿಂದ ಇರಿ. ಪದೇ ಪದೇ ಸ್ಕ್ಯಾನ್ ಮಾಡಿಸಬೇಡಿ, ಕಿರಣ ತಗಲುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ.

ಕಪ್ಪುಬಿಳುಪು ಪರದೆ

ನಾನು ಹುಬ್ಬಳ್ಳಿಯಲ್ಲಿ ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ರೇಡಿಯಾಲಜಿಸ್ಟ್.

ಮೊದಲು ಗೋಧಿಹುಗ್ಗಿಯವರಿಗೆ. ನೀವು ಹೇಳುತ್ತಿರುವುದು ಮೂರನೇ ತಿಂಗಳ ಪರೀಕ್ಷೆ, ಇವರು ಕೇಳುತ್ತಿರುವುದು ಐದನೇ ತಿಂಗಳದ್ದು. ಅಲ್ಲಿಯೂ ‘ಇಲ್ಲ’ ಎಂದು ಹೇಳಿರುವುದಿಲ್ಲ, ‘ಸಾಧ್ಯತೆ ಕಡಿಮೆ’ ಎಂದಿರುತ್ತಾರೆ. ಅಲ್ಟ್ರಾಸೌಂಡಿನಲ್ಲಿ ಎಕ್ಸ್‌ರೇಯಂಥ ಕಿರಣ ಇಲ್ಲ, ಅದು ಶಬ್ದದ ಅಲೆ. ಅತ್ತೆಯವರಿಗೆ ನಮಸ್ಕಾರ ತಿಳಿಸಿ.

ಇನ್ನು ನಾವು ನೋಡುವುದು. ತಲೆಯಿಂದ ಶುರು ಮಾಡುತ್ತೇನೆ ಎಂದುಕೊಳ್ಳಿ. ತಲೆಬುರುಡೆಯ ಆಕಾರ, ಮೆದುಳಿನ ಒಳಗೆ ನೀರು ತುಂಬಿರುವ ಕೋಣೆಗಳ ಅಗಲ, ಹಿಂಭಾಗದ ಚಿಕ್ಕ ಮೆದುಳು. ನೀರಿನ ಕೋಣೆ 10 ಮಿಲಿಮೀಟರಿಗಿಂತ ಕಡಿಮೆ ಇರಬೇಕು. ಚಿಕ್ಕ ಮೆದುಳು ಬೆನ್ನುಹುರಿಯ ಗುಟ್ಟನ್ನೂ ಹೇಳುತ್ತದೆ. ಬೆನ್ನಿನಲ್ಲಿ ಎಲ್ಲೋ ಹುರಿ ತೆರೆದುಕೊಂಡಿದ್ದರೆ ಮೆದುಳು ಕೆಳಕ್ಕೆ ಎಳೆದುಕೊಂಡು, ಡಂಬೆಲ್ಲಿನಂತೆ ಕಾಣಬೇಕಾದದ್ದು ಬಾಳೆಹಣ್ಣಿನಂತೆ ಬಾಗುತ್ತದೆ, ಹಣೆಯ ಎರಡೂ ಬದಿ ಒಳಕ್ಕೆ ತಗ್ಗಿ ತಲೆ ನಿಂಬೆಹಣ್ಣಿನಂತೆ ಕಾಣುತ್ತದೆ. ಎಷ್ಟೋ ಸಲ ಬೆನ್ನಿನ ದೋಷ ಮೊದಲು ಸಿಕ್ಕುವುದು ತಲೆಯಲ್ಲೇ.

ಆಮೇಲೆ ಮೇಲ್ದುಟಿ, ಕಣ್ಣಿನ ಗೂಡು, ಎದೆ, ಎದೆಗೂ ಹೊಟ್ಟೆಗೂ ನಡುವಿನ ವಪೆ, ಜಠರ, ಹೊಕ್ಕುಳಬಳ್ಳಿ ಹೊಟ್ಟೆಗೆ ಸೇರುವ ಜಾಗ, ಎರಡು ಕಿಡ್ನಿ, ಮೂತ್ರಕೋಶ, ಬೆನ್ನುಮೂಳೆ ಉದ್ದಕ್ಕೂ ಅಡ್ಡಕ್ಕೂ, ಕೈಕಾಲು. ಮಾಸು ಎಲ್ಲಿದೆ, ನೀರು ಎಷ್ಟಿದೆ, ಗರ್ಭಕೋಶದ ಬಾಯಿ ಎಷ್ಟು ಉದ್ದ ಇದೆ. ಇವನ್ನೆಲ್ಲ ಹೇಳಿ ಮುಗಿಸುವಷ್ಟು ಸಲೀಸಾಗಿ ನೋಡಿ ಮುಗಿಸಲು ಆಗುವುದಿಲ್ಲ. ಮಗು ಒದ್ದಾಡುತ್ತದೆ, ಬೆನ್ನು ತಿರುಗಿಸಿ ಮಲಗುತ್ತದೆ, ಕೈಯನ್ನು ಮುಖದ ಮೇಲೆ ಇಟ್ಟುಕೊಳ್ಳುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಹೃದಯ, ಹೆಚ್ಚು ತಪ್ಪುವುದೂ ಅಲ್ಲೇ. ಅದನ್ನು ರಾತ್ರಿ ಬಿಡುವಾದ ಮೇಲೆ ಬರೆಯುತ್ತೇನೆ, ಈಗ ಹೊರಗೆ ಹನ್ನೊಂದು ಜನ ಕಾಯುತ್ತಿದ್ದಾರೆ. ಅಷ್ಟರಲ್ಲಿ ಮಲೆನಾಡ ಮಳೆಯವರೇ, ನಿಮ್ಮ ವರದಿಯ ಎರಡನೇ ಪುಟದಲ್ಲಿ ಹೃದಯದ ಬಗ್ಗೆ ಏನು ಬರೆದಿದೆ ಎಂದು ಅಕ್ಷರಶಃ ಇಲ್ಲಿ ಹಾಕಿ. ಕೊನೆಯ ಪುಟ ಬೇಡ.

ಸಂಜೆಮಲ್ಲಿಗೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು 19 ವಾರ. ಹೃದಯದ ಎಡ ಕೋಣೆಯಲ್ಲಿ ಬಿಳಿ ಚುಕ್ಕೆ ಇದೆ ಎಂದು ಬರೆದಿದ್ದಾರೆ. ಅಂತರ್ಜಾಲದಲ್ಲಿ ನೋಡಿದರೆ ಡೌನ್ ಸಿಂಡ್ರೋಮಿನ ಗುರುತು ಎಂದಿದೆ. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಹೃದಯಕ್ಕೆ ತೂತು ಬಿದ್ದಿದೆಯೇ?

ಲೀಡ್ಸ್ ಕನ್ನಡಿಗ

ನನ್ನ ಹೆಂಡತಿಗೆ ಇಲ್ಲಿ ಇಂಗ್ಲೆಂಡಿನಲ್ಲಿ ಎರಡು ಹೆರಿಗೆ ಆಯಿತು. ಇಲ್ಲಿನ ಒಂದು ಪದ್ಧತಿ ನನಗೆ ಹಿಡಿಸಿತು. 20 ವಾರದ ಸ್ಕ್ಯಾನಿಗೆ ಮೊದಲೇ ಏನೇನು ಹುಡುಕುತ್ತೇವೆ, ಯಾವುದು ಎಷ್ಟರ ಮಟ್ಟಿಗೆ ಸಿಕ್ಕುತ್ತದೆ ಎಂದು ತಿಳಿಸಿಬಿಡುತ್ತಾರೆ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ತನ್ನ ಸ್ಕ್ರೀನಿಂಗ್ ಕಾರ್ಯಕ್ರಮಕ್ಕೆ ಇಟ್ಟುಕೊಂಡಿದ್ದ ಪಟ್ಟಿಯಲ್ಲಿ ತೆರೆದ ಬೆನ್ನುಹುರಿ 90 ಪ್ರತಿಶತ, ಸೀಳುತುಟಿ 75, ವಪೆಯ ತೂತು 60 ಎಂದಿತ್ತು. ಗಂಭೀರ ಹೃದಯದೋಷಕ್ಕೆ 50 ಮಾತ್ರ. ಅಂದರೆ ಎರಡರಲ್ಲಿ ಒಂದು ತಪ್ಪಬಹುದು ಎಂದು ಸರ್ಕಾರವೇ ಒಪ್ಪಿಕೊಂಡಿತ್ತು. ಈಗ ಸುಧಾರಿಸಿದೆ ಎನ್ನುತ್ತಾರೆ. ಆದರೂ ನಮ್ಮೂರಿನಲ್ಲಿ ಯಾರೂ ಈ ಅಂಕಿಯನ್ನು ತಾಯಿಗೆ ಹೇಳುವುದಿಲ್ಲವಲ್ಲ, ಅದು ನನ್ನ ಸಿಟ್ಟು.

ಮಲೆನಾಡ ಮಳೆ

ಡಾಕ್ಟರೇ, ಎರಡನೇ ಪುಟವನ್ನು ನಾನು ಸರಿಯಾಗಿ ಓದಿಯೇ ಇರಲಿಲ್ಲ. ಕನ್ನಡದಲ್ಲಿ ಹಾಕುತ್ತೇನೆ: ‘ನಾಲ್ಕು ಕೋಣೆಗಳು ಕಂಡಿವೆ. ಬಡಿತ ನಿಮಿಷಕ್ಕೆ 148. ಮಗುವಿನ ಬೆನ್ನು ಮುಂದಕ್ಕಿರುವುದರಿಂದ ಹೊರಹೋಗುವ ನಾಳಗಳನ್ನು ಪೂರ್ಣವಾಗಿ ಪರಿಶೀಲಿಸಲು ಆಗಿಲ್ಲ. ಎರಡು ವಾರದ ನಂತರ ಮರುಪರಿಶೀಲನೆ ಸೂಕ್ತ.’

ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಯ ಪುಟ ನೋಡಿ ‘ಎಲ್ಲ ಚೆನ್ನಾಗಿದೆ’ ಎಂದು ಕಳಿಸಿಬಿಟ್ಟರು.

ತುಮಕೂರು ತಂದೆ

ನಾನು ಹೇಳಿದ್ದು ಇದನ್ನೇ. 4ಡಿ ಆಗಿದ್ದರೆ ಕಾಣುತ್ತಿತ್ತು.

ಕಪ್ಪುಬಿಳುಪು ಪರದೆ

ಇಲ್ಲ ಸರ್, ಕಾಣುತ್ತಿರಲಿಲ್ಲ. ಒಳ್ಳೆಯ ಮಷೀನು ಬೇಕು ಎಂಬ ಅರ್ಧ ಮಾತು ನಿಜ. ಆದರೆ ನೀವು ನೋಡಿ ಖುಷಿಪಟ್ಟ ಆ ಜೇನುಬಣ್ಣದ ಮುಖ ಮೇಲ್ಮೈ ಮಾತ್ರ. ಸೀಳುತುಟಿಯನ್ನು ತಂದೆತಾಯಿಗೆ ತೋರಿಸಿ ವಿವರಿಸಲು ಅದು ಒಳ್ಳೆಯದು. ಹೃದಯದ ಒಳಗನ್ನು ನಾವು ಹುಡುಕುವುದು ಹಳೆಯ ಕಪ್ಪುಬಿಳುಪು ಚಿತ್ರದಲ್ಲೇ. ಬೆನ್ನು ಮುಂದಕ್ಕೆ ಬಂದರೆ ಬೆನ್ನುಮೂಳೆ, ಪಕ್ಕೆಲುಬುಗಳ ನೆರಳು ಹೃದಯದ ಮೇಲೆ ಬೀಳುತ್ತದೆ. ಮೂಳೆಯನ್ನು ದಾಟಿ ಶಬ್ದ ಹೋಗುವುದಿಲ್ಲ, ಎಷ್ಟು ಲಕ್ಷದ ಮಷೀನಾದರೂ ಅಷ್ಟೇ. ತಾಯಿಯ ಹೊಟ್ಟೆಯ ಕೊಬ್ಬು ದಪ್ಪ ಇದ್ದರೂ ಚಿತ್ರ ಮಸುಕು.

ಈಗ ಹೃದಯ. 20 ವಾರದಲ್ಲಿ ಅದರ ಗಾತ್ರ ಹೆಚ್ಚುಕಡಿಮೆ ಒಂದು ದ್ರಾಕ್ಷಿಹಣ್ಣು. ಅದು ನಿಮಿಷಕ್ಕೆ ನೂರೈವತ್ತರ ಆಸುಪಾಸಿನಲ್ಲಿ ಬಡಿಯುತ್ತಿರುತ್ತದೆ. ಮೊದಲು ಎದೆಯನ್ನು ಅಡ್ಡಕ್ಕೆ ಕೊಯ್ದಂತೆ ನೋಡಿ ನಾಲ್ಕು ಕೋಣೆ ಹುಡುಕುತ್ತೇವೆ. ಎಡ ಬಲ ಸರಿಸಮ ಇವೆಯೇ, ನಡುವಿನ ಗೋಡೆ ಇದೆಯೇ, ಎರಡೂ ಕವಾಟ ತೆರೆದು ಮುಚ್ಚುತ್ತಿವೆಯೇ. ಹಿಂದೆ ಬಹಳ ಕಡೆ ಇಷ್ಟಕ್ಕೇ ಮುಗಿಸುತ್ತಿದ್ದರು. ಆದರೆ ನಾಲ್ಕು ಕೋಣೆ ಅಚ್ಚುಕಟ್ಟಾಗಿದ್ದೂ ಎರಡು ದೊಡ್ಡ ನಾಳಗಳು ಅದಲುಬದಲಾಗಿ ಹುಟ್ಟಿಕೊಂಡಿರುವ ಮಕ್ಕಳಿರುತ್ತಾರೆ. ಆದ್ದರಿಂದ ಪ್ರೋಬನ್ನು ತಲೆಯ ಕಡೆಗೆ ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ ಹೋಗಿ, ಎಡ ಕೋಣೆಯಿಂದ ಮಹಾಪಧಮನಿ ಹೊರಡುವುದನ್ನು, ಬಲ ಕೋಣೆಯಿಂದ ಶ್ವಾಸಕೋಶದ ನಾಳ ಹೊರಟು ಅದನ್ನು ಅಡ್ಡ ಹಾಯುವುದನ್ನು, ಅದಕ್ಕೂ ಮೇಲೆ ಮೂರು ನಾಳಗಳು ಸಾಲಾಗಿ ನಿಲ್ಲುವುದನ್ನು ನೋಡಬೇಕು. ನಿಮ್ಮ ವರದಿಯಲ್ಲಿ ಬಾಕಿ ಉಳಿದಿರುವುದು ಈ ಎರಡನೇ ಅರ್ಧ.

ಅಕ್ಕನ ಮಗುವಿನ ವಿಷಯ. ಗರ್ಭದಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲ. ಹಾಗಾಗಿ ಬಲ ಕೋಣೆಯ ಬಹುಪಾಲು ರಕ್ತ ಶ್ವಾಸಕೋಶಕ್ಕೆ ಹೋಗದೆ ಡಕ್ಟಸ್ ಎಂಬ ಅಡ್ಡದಾರಿಯಿಂದ ನೇರವಾಗಿ ಕೆಳಗಿನ ಮಹಾಪಧಮನಿಗೆ ಇಳಿಯುತ್ತದೆ. ಮಹಾಪಧಮನಿ ಕಿರಿದಾಗುವುದು ಈ ಅಡ್ಡದಾರಿ ಬಂದು ಸೇರುವ ಜಾಗದ ಹತ್ತಿರ. ಆ ತುಂಡಿನಲ್ಲಿ ಗರ್ಭದಲ್ಲಿದ್ದಾಗ ಹರಿಯುವುದೇ ಸ್ವಲ್ಪ ರಕ್ತ. ಪಕ್ಕದ ಬೈಪಾಸಿನಲ್ಲಿ ಬಸ್ಸು ಲಾರಿ ಎಲ್ಲ ಓಡುತ್ತಿರುವಾಗ ಊರೊಳಗಿನ ರಸ್ತೆ ಕಿರಿದಾಗಿದೆ ಎಂದು ಯಾರಿಗೆ ಗೊತ್ತಾಗಬೇಕು? ಹುಟ್ಟಿದ ಮೇಲೆ ಕೆಲವು ದಿನಗಳಲ್ಲಿ ಬೈಪಾಸ್ ಮುಚ್ಚಿಕೊಳ್ಳುತ್ತದೆ. ಮುಚ್ಚುವಾಗ ಪಕ್ಕದ ಗೋಡೆಯನ್ನೂ ಬಿಗಿಯುತ್ತದೆ. ಆಗ ಕಾಲಿಗೆ, ಕಿಡ್ನಿಗೆ, ಕರುಳಿಗೆ ರಕ್ತ ಸಾಲದು. ನಿಮ್ಮ ಅಮ್ಮ ಮುಟ್ಟಿದ ತಣ್ಣನೆಯ ಪಾದ ಅದೇ.

ಸುಳಿವು ಒಂದು ಸಿಕ್ಕಬಹುದಿತ್ತು. ಬಲ ಕೋಣೆ ಎಡಕ್ಕಿಂತ ದೊಡ್ಡದಾಗಿ ಕಾಣುವುದು. ಅದು ಆ ದಿನ ಇತ್ತೇ ಎಂದು ಚಿತ್ರ ನೋಡದೆ ಹೇಳಲಾರೆ. ಇದ್ದರೂ, ಅಂಥ ಸುಳಿವು ಕಂಡು ನಾವು ಹೆದರಿಸಿದ ಬಹಳ ಮಕ್ಕಳು ಹುಟ್ಟಿದ ಮೇಲೆ ಸರಿಯಾಗಿಯೇ ಇರುತ್ತವೆ. 20 ವಾರದಲ್ಲಿ ಆ ನಾಳದ ಅಗಲ ಸುಮಾರು 3 ಮಿಲಿಮೀಟರ್. ಅದರಲ್ಲಿ ಅರ್ಧ ಮಿಲಿಮೀಟರ್ ಕಡಿಮೆ ಇದೆ ಎಂದು ಅಳೆದು ಹೇಳುವುದು ಸುಲಭವಲ್ಲ. ಆದ್ದರಿಂದ ಅಜಾಗರೂಕತೆ ಎಂದು ನಾನು ತೀರ್ಪು ಕೊಡುವುದಿಲ್ಲ. ಹಾಗೆಯೇ, ಅಲ್ಲ ಎಂದೂ ಕೊಡಲಾರೆ.

ಬಾಣಂತಿ ವಾರ್ಡು

ನಾನು ನವಜಾತ ಶಿಶು ಘಟಕದಲ್ಲಿ ನರ್ಸ್ ಆಗಿದ್ದು ಕಳೆದ ವರ್ಷ ನಿವೃತ್ತಿಯಾದೆ. ಡಾಕ್ಟರು ಹೇಳಿದ ಬೈಪಾಸಿನ ಮುಂದಿನ ಕತೆ ನಮ್ಮ ಕಡೆಯದು. ಸ್ಕ್ಯಾನಿನಲ್ಲಿ ತಪ್ಪಿದ್ದನ್ನು ಹಿಡಿಯಲು ಹುಟ್ಟಿದ ಮೇಲೆ ಇನ್ನೊಂದು ಜರಡಿ ಇದೆ. ಮಗುವಿಗೆ 24 ಗಂಟೆ ಆದ ಮೇಲೆ, ಮನೆಗೆ ಕಳಿಸುವ ಮೊದಲು, ಆಕ್ಸಿಜನ್ ಅಳೆಯುವ ಕ್ಲಿಪ್ಪನ್ನು ಬಲಗೈಗೆ ಒಮ್ಮೆ, ಒಂದು ಪಾದಕ್ಕೆ ಒಮ್ಮೆ ಹಾಕಬೇಕು. 95 ಅಥವಾ ಅದಕ್ಕಿಂತ ಹೆಚ್ಚು ಇರಬೇಕು, ಕೈಗೂ ಕಾಲಿಗೂ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಬಲಗೈಯೇ ಯಾಕೆ ಎಂದರೆ ಅಲ್ಲಿಗೆ ಹೋಗುವ ರಕ್ತ ಅಡ್ಡದಾರಿ ಸೇರುವುದಕ್ಕಿಂತ ಮೊದಲೇ ಕವಲೊಡೆಯುತ್ತದೆ.

ಆದರೆ ನಿಮ್ಮ ಅಕ್ಕನ ಮಗುವಿಗೆ ಇದ್ದಂಥ ಕಾಯಿಲೆ ಈ ಜರಡಿಯಲ್ಲೂ ನುಸುಳುವುದುಂಟು. ಅದಕ್ಕೆ ಹಳೆಯ ವೈದ್ಯರು ಎರಡು ಬೆರಳನ್ನು ಮಗುವಿನ ತೊಡೆಸಂದಿಗೆ ಇಟ್ಟು ನಾಡಿ ಹುಡುಕುತ್ತಿದ್ದರು. ಕೈಯ ನಾಡಿ ಚೆನ್ನಾಗಿದ್ದು ತೊಡೆಯದು ಸಿಕ್ಕದಿದ್ದರೆ ಎಕೋಗೆ ಕಳಿಸುತ್ತಿದ್ದರು. ಒಂದು ನಿಮಿಷದ ಕೆಲಸ, ಕಾಸು ಬೇಡ. ಹೆರಿಗೆಯಾದ ಮೇಲೆ ಮಕ್ಕಳ ಡಾಕ್ಟರನ್ನು ‘ಕಾಲಿನ ನಾಡಿ ನೋಡಿದಿರಾ’ ಎಂದು ಕೇಳಿ ತಂಗಿ, ಯಾರೂ ಬೈಯುವುದಿಲ್ಲ.

ಸಂಜೆಮಲ್ಲಿಗೆ

ನನ್ನ ಬಿಳಿ ಚುಕ್ಕೆಗೆ ಯಾರೂ ಉತ್ತರ ಕೊಡಲಿಲ್ಲ.

ಕಪ್ಪುಬಿಳುಪು ಪರದೆ

ಕ್ಷಮಿಸಿ ಮೇಡಂ. ಅದು ತೂತಲ್ಲ. ಕವಾಟವನ್ನು ಹಿಡಿದಿರುವ ಸ್ನಾಯುವಿನಲ್ಲಿ ಸುಣ್ಣದ ಒಂದು ಕಣ ಸೇರಿಕೊಂಡು ಮೂಳೆಯಷ್ಟು ಬಿಳಿಯಾಗಿ ಹೊಳೆಯುತ್ತದೆ. ಹೃದಯದ ಕೆಲಸಕ್ಕೆ ಅದರಿಂದ ತೊಂದರೆ ಇಲ್ಲ. ಏನೂ ದೋಷವಿಲ್ಲದ ಮಕ್ಕಳಲ್ಲೂ ಇದು ಆಗಾಗ ಕಾಣುತ್ತದೆ, ನಮ್ಮ ಏಷ್ಯಾದವರಲ್ಲಿ ಇನ್ನಷ್ಟು. ಹಿಂದೆ ಡೌನ್ ಸಿಂಡ್ರೋಮಿನ ಗುರುತು ಎಂದು ಭಾವಿಸಿದ್ದು ನಿಜ, ಆ ಹಳೆಯ ಮಾತು ಅಂತರ್ಜಾಲದಲ್ಲಿ ಹಾಗೆಯೇ ಉಳಿದಿದೆ. ಈಗಿನ ಲೆಕ್ಕದಲ್ಲಿ, ಬೇರೇನೂ ಇಲ್ಲದೆ ಆ ಚುಕ್ಕೆ ಒಂದೇ ಇದ್ದರೆ ಅದು ನಿಮ್ಮ ಸಾಧ್ಯತೆಯನ್ನು ಹೆಚ್ಚಿಸುವುದಿಲ್ಲ. ಮೂರನೇ ತಿಂಗಳ ರಕ್ತಪರೀಕ್ಷೆ ಏನು ಹೇಳಿತ್ತು?

ಸಂಜೆಮಲ್ಲಿಗೆ

ಮಾಡಿಸಿಯೇ ಇಲ್ಲ. ಮೊದಲ ಮೂರು ತಿಂಗಳು ನಾನು ತವರಿನಲ್ಲಿದ್ದೆ, ಯಾರೂ ಹೇಳಲಿಲ್ಲ.

ಕಪ್ಪುಬಿಳುಪು ಪರದೆ

ಹಾಗಾದರೆ ಚಿಂತೆ ಚುಕ್ಕೆಯದ್ದಲ್ಲ, ಪರೀಕ್ಷೆ ಮಾಡಿಸದೆ ಇರುವುದರದ್ದು. ನಿಮ್ಮ ವಯಸ್ಸಿಗೆ ಎಷ್ಟು ಸಾಧ್ಯತೆಯೋ ಅಷ್ಟು ಹಾಗೆಯೇ ಉಳಿದಿದೆ. ಐದನೇ ತಿಂಗಳ ಸ್ಕ್ಯಾನ್ ಪೂರ್ತಿ ಚೆನ್ನಾಗಿ ಬಂದರೂ ಡೌನ್ ಸಿಂಡ್ರೋಮ್ ಇಲ್ಲ ಎಂದು ಹೇಳಲು ಬರುವುದಿಲ್ಲ, ಏಕೆಂದರೆ ಅಂಥ ಎಷ್ಟೋ ಮಕ್ಕಳ ಅಂಗರಚನೆಯಲ್ಲಿ ಸ್ಕ್ಯಾನಿಗೆ ಕಾಣುವ ದೋಷವೇ ಇರುವುದಿಲ್ಲ. 19 ವಾರದಲ್ಲಿ ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿಗೆ ಇನ್ನೂ ಅವಕಾಶ ಇದೆ, ದುಬಾರಿ. ಕ್ವಾಡ್ರುಪಲ್ ಎಂಬ ಅಗ್ಗದ ರಕ್ತಪರೀಕ್ಷೆಗೂ ಈ ವಾರವೇ ಹೋದರೆ ಸಮಯ ಇದೆ. ನಿಮ್ಮ ಡಾಕ್ಟರ ಹತ್ತಿರ ನಾಳೆಯೇ ಮಾತನಾಡಿ. ಮುಂದೂಡಬೇಡಿ ಎನ್ನಲು ಕಾರಣವಿದೆ. ಗರ್ಭದ ನೀರು ತೆಗೆದು ಪರೀಕ್ಷಿಸುವ ಹಂತ ಬಂದರೆ ಪೂರ್ಣ ವರದಿಗೆ ಎರಡು ವಾರವಾದರೂ ಬೇಕು. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ, ದೋಷ ಕಂಡು ಗರ್ಭ ತೆಗೆಸುವುದಾದರೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು, ಅದು ದಾಟಿದರೆ ಮೆಡಿಕಲ್ ಬೋರ್ಡಿನ ಮುಂದೆ ಹೋಗಬೇಕು. ಏನು ನಿರ್ಧರಿಸಬೇಕು ಎಂಬುದು ನಿಮ್ಮದು, ನಿರ್ಧರಿಸಲು ದಿನಗಳಾದರೂ ಕೈಯಲ್ಲಿರಲಿ.

ಅಡಿಕೆ ಚೀಲ

ನನಗೊಂದು ಅನುಮಾನ. ಇಷ್ಟೆಲ್ಲ ನೋಡುತ್ತಾರೆ, ಗಂಡೋ ಹೆಣ್ಣೋ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಬೇರೆ ದೇಶದಲ್ಲಿ ಹೇಳುತ್ತಾರಂತೆ.

ಲೀಡ್ಸ್ ಕನ್ನಡಿಗ

ಇಲ್ಲಿ ಕೇಳಿದರೆ ಸಾಮಾನ್ಯವಾಗಿ ಹೇಳುತ್ತಾರೆ. ಅಲ್ಲಿ 1994ರ ಕಾಯ್ದೆ ಇದೆ, ಕೇಳುವುದೂ ಹೇಳುವುದೂ ಅಪರಾಧ. ಆ ಕಾಯ್ದೆ ಯಾಕೆ ಬಂತು ಎನ್ನುವುದು ನಮಗೆಲ್ಲ ಗೊತ್ತಿದೆ. ಈ ಎಳೆಯನ್ನು ಆ ಕಡೆಗೆ ತಿರುಗಿಸುವುದು ಬೇಡ.

ಗೋಧಿಹುಗ್ಗಿ

ಸರಿ, ನಾನು ತಪ್ಪು ತಿಳಿದಿದ್ದೆ. ಹಾಗಾದರೆ ಐದನೇ ತಿಂಗಳಲ್ಲಿ ಎಷ್ಟೇ ಚೆನ್ನಾಗಿ ನೋಡಿದರೂ ಕಾಣದೇ ಇರುವುದು ಇನ್ನೇನು ಇದೆ? ನನ್ನ ನಾದಿನಿಯ ಮಗನಿಗೆ ಕಿವಿ ಕೇಳುವುದಿಲ್ಲ, ಸ್ಕ್ಯಾನಿನವರನ್ನು ಇನ್ನೂ ಬೈಯುತ್ತಾರೆ.

ಕಪ್ಪುಬಿಳುಪು ಪರದೆ

ಪಾಪ, ಅವರನ್ನು ಬೈಯುವುದು ಬೇಡ. ಕಿವಿಯ ಆಕಾರ ಕಾಣುತ್ತದೆ, ಕೇಳಿಸುತ್ತದೆಯೇ ಎಂದು ಕಾಣುವುದಿಲ್ಲ. ಕಣ್ಣಿನ ಗುಡ್ಡೆ ಕಾಣುತ್ತದೆ, ದೃಷ್ಟಿ ಕಾಣುವುದಿಲ್ಲ. ಬುದ್ಧಿ, ಆಟಿಸಂ, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ, ಇವು ನಮ್ಮ ಪರದೆಗೆ ಬರುವುದೇ ಇಲ್ಲ.

ಇನ್ನು ಕೆಲವು ಆ ಹೊತ್ತಿಗೆ ಹುಟ್ಟಿಕೊಂಡಿರುವುದೇ ಇಲ್ಲ ಅಥವಾ ಗುರುತು ತೋರಿಸಿರುವುದಿಲ್ಲ. ಜಠರದ ಮುಂದಿನ ಕರುಳು ಮುಚ್ಚಿಕೊಂಡಿದ್ದರೆ ಎರಡು ನೀರಿನ ಗುಳ್ಳೆ ಕಾಣಬೇಕು, ಆದರೆ ಅದು ಸಾಮಾನ್ಯವಾಗಿ ಸ್ಪಷ್ಟವಾಗುವುದು ಆರನೇ ತಿಂಗಳು ದಾಟಿದ ಮೇಲೆ. ಕುಳ್ಳತನದ ಒಂದು ಬಗೆಯಲ್ಲಿ ತೊಡೆಮೂಳೆ 20 ವಾರದಲ್ಲಿ ಸರಿಯಾದ ಅಳತೆಯಲ್ಲೇ ಇದ್ದು ಆಮೇಲೆ ಹಿಂದೆ ಬೀಳುತ್ತದೆ. ತುಟಿ ಸರಿ ಇದ್ದು ಅಂಗುಳ ಮಾತ್ರ ಸೀಳಿದ್ದರೆ ಬಹಳ ಸಲ ತಪ್ಪುತ್ತದೆ. ಗುದದ್ವಾರ ಮುಚ್ಚಿರುವುದೂ ಹಾಗೆಯೇ. ಹೃದಯದ ಗೋಡೆಯ ಚಿಕ್ಕ ತೂತುಗಳು ಎರಡು ಮೂರು ಮಿಲಿಮೀಟರಿನವು, ಅವೂ ತಪ್ಪುತ್ತವೆ. ಆದರೆ ಅವುಗಳಲ್ಲಿ ಬಹಳಷ್ಟು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮೇಲಿನ ಎರಡು ಕೋಣೆಗಳ ನಡುವೆ ಗರ್ಭದಲ್ಲಿ ಎಲ್ಲ ಮಕ್ಕಳಿಗೂ ತೂತು ಇರಲೇಬೇಕು, ಅದು ಮುಂದೆ ಮುಚ್ಚುವುದೋ ಇಲ್ಲವೋ ಎಂದು ನಮ್ಮನ್ನು ಕೇಳಿ ಪ್ರಯೋಜನವಿಲ್ಲ.

ಲೀಡ್ಸ್ ಕನ್ನಡಿಗ

ಹಾಗಿದ್ದರೆ ಎಲ್ಲರಿಗೂ ಮಗುವಿನ ಹೃದಯದ ಎಕೋ ಮಾಡಿಬಿಡಬಹುದಲ್ಲ? ಇವರ ಮನೆಯಲ್ಲಂತೂ ಒಂದು ಮಗುವಿಗೆ ಇತ್ತು.

ಕಪ್ಪುಬಿಳುಪು ಪರದೆ

ಜನ ಎಲ್ಲಿದ್ದಾರೆ ಸರ್? ಭ್ರೂಣದ ಹೃದಯವನ್ನೇ ಕಲಿತವರು ಬೆಂಗಳೂರು ಬಿಟ್ಟರೆ ಬೆರಳೆಣಿಕೆಯಷ್ಟು. ತಂದೆ, ತಾಯಿ ಅಥವಾ ಹಿಂದಿನ ಮಗುವಿಗೆ ಹೃದಯದೋಷ ಇದ್ದರೆ ಖಂಡಿತ ಕಳಿಸುತ್ತೇನೆ. ಅಕ್ಕನ ಮಗು ಎಂದರೆ ಸಂಬಂಧ ದೂರದ್ದು, ಅದೊಂದೇ ಕಾರಣಕ್ಕೆ ನಾನು ಕಳಿಸುವುದಿಲ್ಲ. ನಾಳಗಳು ಕಾಣಲಿಲ್ಲ ಎಂಬ ಕಾರಣಕ್ಕೆ ಮೊದಲು ಅದೇ ಸ್ಕ್ಯಾನನ್ನು ಪೂರ್ತಿ ಮಾಡಿಸಲಿ.

ಬಾಣಂತಿ ವಾರ್ಡು

ನಾನು ಒಪ್ಪುವುದಿಲ್ಲ ಡಾಕ್ಟರೇ. ಎಡಭಾಗದ ನಾಳ ಕಿರಿದಾಗುವ ದೋಷ ಕೆಲವು ಮನೆತನಗಳಲ್ಲಿ ಮತ್ತೆ ಮತ್ತೆ ಬರುವುದನ್ನು ನಮ್ಮ ವಾರ್ಡಿನಲ್ಲೇ ಕಂಡಿದ್ದೇನೆ. ನನ್ನ ಮಗಳಾಗಿದ್ದರೆ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಿದ್ದೆ.

ಕಪ್ಪುಬಿಳುಪು ಪರದೆ

ನನ್ನ ಮಗಳಾಗಿದ್ದರೆ ನಾನೂ ಕರೆದುಕೊಂಡು ಹೋಗುತ್ತಿದ್ದೆನೇನೋ. ಚೀಟಿ ಬರೆಯುವಾಗ ಆ ಲೆಕ್ಕ ಬರುವುದಿಲ್ಲ.

ಮಲೆನಾಡ ಮಳೆ

ಎರಡು ವಾರದ ನಂತರ ಬರೆಯುತ್ತಿದ್ದೇನೆ. 22 ವಾರ 5 ದಿನಕ್ಕೆ ಮತ್ತೆ ಹೋದೆ. ಈ ಸಲ ಒಳಗೆ ಹೋಗುತ್ತಲೇ ‘ಹೃದಯದ ನಾಳ ಬಾಕಿ ಇದೆ’ ಎಂದು ಎರಡನೇ ಪುಟವನ್ನು ಮುಂದೆ ಇಟ್ಟೆ. ಅಕ್ಕನ ಮಗುವಿನ ಎಕೋ ವರದಿಯನ್ನೂ ಕೊಟ್ಟೆ. ಮೊದಲ ಸಲ ಅದನ್ನು ಕೇಳಿಯೂ ಇರಲಿಲ್ಲ, ನಾನು ಹೇಳಿಯೂ ಇರಲಿಲ್ಲ.

ಮಗು ಮತ್ತೆ ಬೆನ್ನು ತೋರಿಸಿಕೊಂಡೇ ಮಲಗಿತ್ತು. ಹೊರಗೆ ಕಾರಿಡಾರಿನಲ್ಲಿ ನಡೆದಾಡಿ ಬನ್ನಿ ಎಂದರು. ಮುಕ್ಕಾಲು ಗಂಟೆ ನಡೆದೆ, ಎಡ ಮಗ್ಗುಲಿಗೆ ಮಲಗಿದೆ, ಒಂದು ಇಡ್ಲಿ ತಿಂದೆ. ಮೂರನೇ ಸಲ ಕರೆದಾಗ ಮಗು ಮಗ್ಗುಲಾಗಿತ್ತು. ಡಾಕ್ಟರು ಪರದೆಯನ್ನು ನನ್ನ ಕಡೆಗೆ ತಿರುಗಿಸಿ, ಎರಡು ನಾಳ ಒಂದನ್ನೊಂದು ಅಡ್ಡ ಹಾಯುವುದನ್ನು ಬೆರಳಿಟ್ಟು ತೋರಿಸಿದರು. ನೀಲಿ ಕೆಂಪು ಬಣ್ಣ ಹಾಕಿದಾಗ ಎರಡೂ ಒಂದೇ ದಿಕ್ಕಿಗೆ ಹರಿದು ಒಂದು ಮೂಲೆಯಲ್ಲಿ ಕೂಡಿಕೊಳ್ಳುತ್ತಿದ್ದವು. ಎಡ ಬಲ ಕೋಣೆ ಸಮ ಇವೆ ಎಂದು ಅಳತೆಯನ್ನೂ ಬರೆದಿದ್ದಾರೆ.

ಬೆಂಗಳೂರಿನ ಎಕೋ ವಿಷಯದಲ್ಲಿ ನಮ್ಮ ಡಾಕ್ಟರು ಬೇಡ ಎನ್ನುತ್ತಾರೆ, ಅಕ್ಕ ಹೋಗು ಎನ್ನುತ್ತಾಳೆ. ಇನ್ನೂ ತೀರ್ಮಾನಿಸಿಲ್ಲ. ಹೆರಿಗೆಯ ಫೈಲಿನ ಮೊದಲ ಹಾಳೆಯಲ್ಲಿ ‘ಬಲಗೈ, ಪಾದ, ತೊಡೆಯ ನಾಡಿ’ ಎಂದು ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ಸಂಜೆಮಲ್ಲಿಗೆಯವರೇ, ನಿಮ್ಮ ರಕ್ತಪರೀಕ್ಷೆ ಏನಾಯಿತು?